‘ರೀಫಂಡ್ ಆಗಿದೆ’ ಎಂದರೂ ಖಾತೆಗೆ ಬಾರದ ಹಣ

ಆನ್‌ಲೈನ್ ಅಂಗಡಿಯಲ್ಲಿ ಕೊಂಡ ವಸ್ತುವನ್ನು ಹಿಂದಿರುಗಿಸಿದ ಮೇಲೆ ಮೊಬೈಲಿಗೆ ಒಂದು ಸಂದೇಶ ಬರುತ್ತದೆ: ‘ನಿಮ್ಮ ರೀಫಂಡ್ ಪ್ರಕ್ರಿಯೆ ಪೂರ್ಣಗೊಂಡಿದೆ, 5ರಿಂದ 7 ಕೆಲಸದ ದಿನಗಳಲ್ಲಿ ಹಣ ಜಮೆಯಾಗುತ್ತದೆ.’ ಪೂರ್ಣಗೊಂಡಿದ್ದರೆ ಮತ್ತೆ ಏಳು ದಿನ ಯಾಕೆ? ಕೊಳ್ಳುವಾಗ ಅರೆಗಳಿಗೆಯಲ್ಲಿ ಕಡಿತವಾದ ಹಣ ಮರಳುವಾಗ ಮಾತ್ರ ಯಾಕೆ ತೆವಳುತ್ತದೆ? ಅಂಗಡಿಯ ಕಡೆಯ ಕೆಲಸ ಮುಗಿದಿದೆ ಎಂಬುದಷ್ಟೇ ಆ ಸಂದೇಶದ ಅರ್ಥ. ಅಲ್ಲಿಂದಾಚೆಗೆ ಹಣ ಇನ್ನೂ ಮೂರು ನಾಲ್ಕು ಕೈ ದಾಟಬೇಕು. ಈಗ ಅದು ಯಾರ ಕೈಯಲ್ಲಿದೆ ಎಂದು ತಿಳಿಯುವುದು ಕಷ್ಟವಲ್ಲ, ಆದರೆ ಸರಿಯಾದ ಸಂಖ್ಯೆಯನ್ನು ಸರಿಯಾದವರ ಬಳಿ ಕೇಳಬೇಕು.

ಕೊಳ್ಳುವಾಗ ನಿಜವಾಗಿ ಏನಾಗಿತ್ತು

ಕಾರ್ಡ್ ಸಂಖ್ಯೆ ಹಾಕಿ, ಒಟಿಪಿ ಕೊಟ್ಟು ‘ಪಾವತಿ ಯಶಸ್ವಿ’ ಎಂದು ನೋಡಿದಾಗ ಹಣ ಆಗಲೇ ಅಂಗಡಿಯವರ ಖಾತೆ ಸೇರಿತು ಎಂದು ನಾವು ಭಾವಿಸುತ್ತೇವೆ. ಸೇರಿರುವುದಿಲ್ಲ. ಆ ಕ್ಷಣದಲ್ಲಿ ನಡೆಯುವುದು ಒಪ್ಪಿಗೆ ಮಾತ್ರ. ಅಂಗಡಿಯ ಪರವಾಗಿ ಪೇಮೆಂಟ್ ಗೇಟ್‌ವೇ ಕಂಪನಿ ಪ್ರಶ್ನೆ ಕಳಿಸುತ್ತದೆ. ಅದು ಅಂಗಡಿಯ ಕಡೆಯ ಬ್ಯಾಂಕನ್ನು ಹಾದು, ವೀಸಾ, ಮಾಸ್ಟರ್‌ಕಾರ್ಡ್ ಅಥವಾ ರುಪೇ ಜಾಲದ ಮೂಲಕ ನಿಮ್ಮ ಬ್ಯಾಂಕನ್ನು ತಲುಪುತ್ತದೆ. ಖಾತೆಯಲ್ಲಿ ಹಣವಿದ್ದರೆ ನಿಮ್ಮ ಬ್ಯಾಂಕು ‘ಸರಿ’ ಎಂದು ಉತ್ತರ ಕೊಟ್ಟು ಅಷ್ಟು ಮೊತ್ತವನ್ನು ನಿಮ್ಮ ಲೆಕ್ಕದಿಂದ ತೆಗೆದಿಡುತ್ತದೆ.

ಹಣದ ನಿಜವಾದ ಚಲನೆ ಆಮೇಲೆ. ಅಂಗಡಿಯ ಬ್ಯಾಂಕು ದಿನದ ವ್ಯವಹಾರಗಳನ್ನೆಲ್ಲ ಒಂದು ಕಡತದಲ್ಲಿ ಕಟ್ಟಿ ಕಾರ್ಡ್ ಜಾಲಕ್ಕೆ ಕಳಿಸುತ್ತದೆ. ಜಾಲದವರು ಯಾವ ಬ್ಯಾಂಕು ಯಾವ ಬ್ಯಾಂಕಿಗೆ ಎಷ್ಟು ಕೊಡಬೇಕೆಂದು ಒಟ್ಟು ಲೆಕ್ಕ ಹಾಕಿದ ನಂತರ ಬ್ಯಾಂಕುಗಳ ನಡುವೆ ಹಣ ಕೈ ಬದಲಾಗುತ್ತದೆ. ಗೇಟ್‌ವೇ ತನ್ನ ಶುಲ್ಕ ಕಳೆದು ಉಳಿದದ್ದನ್ನು ಅಂಗಡಿಗೆ ಜಮೆ ಮಾಡುವುದು ಅದಕ್ಕೂ ಆಮೇಲೆ. ಅಂದರೆ ಕೊಳ್ಳುವಾಗಲೂ ದಿನಗಳು ಹಿಡಿದಿದ್ದವು. ಆಗ ಕಾದವರು ಅಂಗಡಿಯವರು, ಈಗ ಕಾಯುವ ಸರದಿ ನಿಮ್ಮದು.

ರೀಫಂಡ್ ಎಂದರೆ ಹೊಸದೊಂದು ವ್ಯವಹಾರ

ರೀಫಂಡ್ ಎಂದರೆ ಹಳೆಯ ಪಾವತಿಯನ್ನು ಅಳಿಸಿಹಾಕುವುದು ಎಂಬ ಎಣಿಕೆ ಸಾಮಾನ್ಯ. ಅಂಗಡಿಯ ಹಣ ಇನ್ನೂ ಕಡತಕ್ಕೆ ಸೇರದ ಹೊತ್ತಿನಲ್ಲಿ ಆರ್ಡರ್ ರದ್ದು ಮಾಡಿದರೆ ಹೆಚ್ಚುಕಡಿಮೆ ಹಾಗೇ ಆಗುತ್ತದೆ. ಬ್ಯಾಂಕು ತೆಗೆದಿಟ್ಟ ಮೊತ್ತವನ್ನು ಬಿಟ್ಟುಕೊಡುತ್ತದೆ, ಸ್ಟೇಟ್‌ಮೆಂಟಿನಲ್ಲಿ ಪ್ರತ್ಯೇಕ ಜಮೆ ಕಾಣದೆಯೂ ಇರಬಹುದು. ‘ರೀಫಂಡ್ ಎಂಬ ನಮೂದೇ ಇಲ್ಲ’ ಎಂದು ದೂರುವವರಲ್ಲಿ ಕೆಲವರ ಹಣ ಹೀಗೆ ಸದ್ದಿಲ್ಲದೆ ಮರಳಿರುತ್ತದೆ. ಖಾತೆಯ ಬಾಕಿಯನ್ನು ಕೂಡಿ ಕಳೆದು ನೋಡಿದರೆ ಗೊತ್ತಾಗುತ್ತದೆ.

ಸರಕು ಮನೆಗೆ ಬಂದು, ಹಿಂದಕ್ಕೆ ಹೋದ ಮೇಲಿನ ಕಥೆ ಬೇರೆ. ಆ ಹೊತ್ತಿಗೆ ಮೊದಲ ವ್ಯವಹಾರದ ಲೆಕ್ಕ ಮುಗಿದಿರುತ್ತದೆ. ಈಗ ಅಂಗಡಿಯಿಂದ ನಿಮ್ಮ ಕಡೆಗೆ ಹೊಸ ವ್ಯವಹಾರವೊಂದು ಹೊರಡಬೇಕು. ಅದು ನಿಧಾನವಾಗುವುದಕ್ಕೆ ಮುಖ್ಯವಾಗಿ ಮೂರು ಕಾರಣಗಳಿವೆ.

ಮೊದಲನೆಯದು ಕಡತಗಳ ಪದ್ಧತಿ. ಖರೀದಿಯ ಒಪ್ಪಿಗೆ ತಕ್ಷಣ ಬೇಕು, ಇಲ್ಲದಿದ್ದರೆ ವ್ಯಾಪಾರವೇ ನಡೆಯದು. ರೀಫಂಡಿಗೆ ಆ ಅವಸರವಿಲ್ಲ. ಅದು ದಿನದ ಉಳಿದ ವ್ಯವಹಾರಗಳ ಜತೆ ಕಡತದಲ್ಲಿ ಸೇರಿ, ಬ್ಯಾಂಕಿನಿಂದ ಜಾಲಕ್ಕೆ, ಜಾಲದಿಂದ ಇನ್ನೊಂದು ಬ್ಯಾಂಕಿಗೆ ಹೋಗುತ್ತದೆ. ಸಂಜೆಯ ಕಡತ ತಪ್ಪಿದರೆ ಮರುದಿನದ ಕಡತವೇ ಗತಿ.

ಎರಡನೆಯದು ಅಂಗಡಿಯ ಕೈಯಲ್ಲಿರುವ ಹಣ. ರೀಫಂಡ್ ಮೊತ್ತವನ್ನು ಗೇಟ್‌ವೇ ಸಾಮಾನ್ಯವಾಗಿ ಅಂಗಡಿಗೆ ಮುಂದೆ ಕೊಡಬೇಕಾದ ಹಣದಿಂದಲೇ ಕಳೆಯುತ್ತದೆ. ದಿನವೂ ಲಕ್ಷಗಟ್ಟಲೆ ವ್ಯಾಪಾರವಿರುವ ದೊಡ್ಡ ಅಂಗಡಿಗೆ ಇದರಿಂದ ತೊಡಕಿಲ್ಲ. ವ್ಯಾಪಾರ ತಗ್ಗಿದ ಸಣ್ಣ ಅಂಗಡಿಯ ಬಾಕಿಯಲ್ಲಿ ಅಷ್ಟು ಹಣ ಇರದಿದ್ದರೆ, ಅಂಗಡಿಯವರು ಗುಂಡಿ ಒತ್ತಿದರೂ ರೀಫಂಡ್ ಮುಂದೆ ಸರಿಯದೆ ಅಲ್ಲೇ ನಿಲ್ಲುತ್ತದೆ. ನಿಮಗೆ ಮಾತ್ರ ‘ಆರಂಭವಾಗಿದೆ’ ಎಂಬ ಸಂದೇಶ ಬಂದಿರುತ್ತದೆ.

ಮೂರನೆಯದು ರಜೆ. ಮೊಬೈಲಿನಲ್ಲಿ ಹಣ ಕಳಿಸುವ ಸೌಲಭ್ಯ ಈಗ ಹಗಲು ರಾತ್ರಿ ಇದೆ. ಆದರೆ ‘ಕೆಲಸದ ದಿನ’ ಎಂದು ಎಣಿಸುವಾಗ ಭಾನುವಾರಗಳು, ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರಗಳು, ಹಬ್ಬದ ರಜೆಗಳು ಹೊರಗುಳಿಯುತ್ತವೆ.

ಒಂದು ಮಿಕ್ಸಿಯ ಲೆಕ್ಕ

ಇವುಗಳಲ್ಲಿ ಕಡತ ಮತ್ತು ರಜೆ ಎರಡೇ ಸೇರಿದರೂ ಹೇಗಿರುತ್ತದೆ ಎಂಬುದನ್ನು 2025ರ ಆಗಸ್ಟ್ ತಿಂಗಳ ಕ್ಯಾಲೆಂಡರ್ ಇಟ್ಟುಕೊಂಡು ನೋಡೋಣ. ದಾವಣಗೆರೆಯ ಗೃಹಿಣಿಯೊಬ್ಬರು ಡೆಬಿಟ್ ಕಾರ್ಡಿನಲ್ಲಿ 3,240 ರೂಪಾಯಿ ಕೊಟ್ಟು ಮಿಕ್ಸಿ ತರಿಸಿದ್ದಾರೆ, ಜಾರ್ ಸೀಳಿದೆ ಎಂದು ವಾಪಸ್ ಕೊಟ್ಟಿದ್ದಾರೆ ಎಂದುಕೊಳ್ಳಿ.

ಕೊರಿಯರ್‌ನವನು ಮಿಕ್ಸಿ ಒಯ್ದದ್ದು 19ನೇ ತಾರೀಕು, ಮಂಗಳವಾರ. ಗೋದಾಮಿಗೆ ಸೇರಿ, ಪರಿಶೀಲನೆ ಮುಗಿದು, ಅಂಗಡಿ ರೀಫಂಡಿಗೆ ಒಪ್ಪಿದ್ದು 21, ಗುರುವಾರ ಸಂಜೆ. ಸಂದೇಶ ಬಂದದ್ದು ಆಗಲೇ. ಎಣಿಕೆ ಶುರುವಾಗುವುದೂ ಇಲ್ಲಿಂದಲೇ, ಮಿಕ್ಸಿ ಮನೆಬಿಟ್ಟ ದಿನದಿಂದಲ್ಲ. 22, ಶುಕ್ರವಾರದ ಕಡತದಲ್ಲಿ ಅಂಗಡಿಯ ಬ್ಯಾಂಕು ರೀಫಂಡನ್ನು ಕಾರ್ಡ್ ಜಾಲಕ್ಕೆ ಕಳಿಸಿತು. ಅದು ಮೊದಲ ಕೆಲಸದ ದಿನ. 23 ನಾಲ್ಕನೇ ಶನಿವಾರ, 24 ಭಾನುವಾರ. ಸೋಮವಾರ ಎರಡನೇ ದಿನ, ಮಂಗಳವಾರ ಮೂರನೇ ದಿನ. 27, ಬುಧವಾರ ಗಣೇಶ ಚತುರ್ಥಿ. 28 ನಾಲ್ಕನೆಯದು, 29 ಐದನೆಯದು. 30 ಶನಿವಾರವಾದರೂ ತಿಂಗಳ ಐದನೇ ಶನಿವಾರ, ಬ್ಯಾಂಕು ತೆರೆದಿರುತ್ತದೆ, ಆರನೆಯದು. 31 ಭಾನುವಾರ. ಏಳನೇ ಕೆಲಸದ ದಿನ ಬರುವುದು ಸೆಪ್ಟೆಂಬರ್ 1ರ ಸೋಮವಾರ.

ಅಂಗಡಿ ಹೇಳಿದ ಏಳು ದಿನ ಕ್ಯಾಲೆಂಡರಿನಲ್ಲಿ ಹನ್ನೊಂದು ದಿನವಾಯಿತು, ಮಿಕ್ಸಿ ಕೊಟ್ಟ ದಿನದಿಂದ ಎಣಿಸಿದರೆ ಹದಿಮೂರು. ಇಷ್ಟರಲ್ಲಿ ಯಾರೂ ತಪ್ಪು ಮಾಡಿಲ್ಲ. ಸೆಪ್ಟೆಂಬರ್ 1 ಕಳೆದೂ ಹಣ ಬಾರದಿದ್ದರೆ ಹುಡುಕಾಟ ಶುರುಮಾಡಬೇಕು.

23 ಅಂಕಿಯ ಗುರುತು

ಕಾರ್ಡಿನ ರೀಫಂಡ್ ಅಂಗಡಿಯ ಬ್ಯಾಂಕಿನಿಂದ ಜಾಲಕ್ಕೆ ಹೊರಟಾಗ ಅದಕ್ಕೆ 23 ಅಂಕಿಗಳ ಗುರುತಿನ ಸಂಖ್ಯೆಯೊಂದು ಹುಟ್ಟುತ್ತದೆ. ಅದೇ ಎಆರ್‌ಎನ್. ಅಂಗಡಿಯ ಆ್ಯಪಿನಲ್ಲಿ, ಇಮೇಲಿನಲ್ಲಿ ARN ಎಂದು ಕಾಣುವುದು ಇದೇ. ಆರ್ಡರ್ ಸಂಖ್ಯೆ ಅಂಗಡಿಗೆ ಮಾತ್ರ ಗೊತ್ತು, ನಿಮ್ಮ ಬ್ಯಾಂಕಿನ ಸಿಬ್ಬಂದಿಗೆ ಅದರಿಂದ ಏನೂ ತಿಳಿಯದು. ಎಆರ್‌ಎನ್ ಕೊಟ್ಟರೆ ಅವರು ಜಾಲದಿಂದ ಬಂದ ಕಡತಗಳಲ್ಲಿ ಹುಡುಕಬಹುದು.

ಇದನ್ನು ಒಂದಿಷ್ಟು ನೀವೇ ಓದಲೂಬಹುದು. ಮೇಲಿನ ಮಿಕ್ಸಿಗೆ ಇಂಥದೊಂದು ಸಂಖ್ಯೆ ಬಂದಿದೆ ಎನ್ನಿ, ಇದು ಮಾದರಿಗಾಗಿ ಮಾಡಿಕೊಂಡದ್ದು:

```
7 412345 5234 00001234567 5
```

ಮೊದಲ ಅಂಕಿ ವ್ಯವಹಾರದ ಬಗೆ ತಿಳಿಸುವ ಸಂಕೇತ. ಮುಂದಿನ ಆರು ಅಂಗಡಿಯ ಕಡೆಯ ಬ್ಯಾಂಕಿನ ಗುರುತು. ಎಂಟರಿಂದ ಹನ್ನೊಂದರವರೆಗಿನ ನಾಲ್ಕು ಅಂಕಿಗಳು ದಿನಾಂಕ: 5 ಎಂದರೆ 2025ರ ಕೊನೆಯ ಅಂಕಿ, 234 ಎಂದರೆ ವರ್ಷದ 234ನೇ ದಿನ, ಅಂದರೆ ಆಗಸ್ಟ್ 22. ಆಮೇಲಿನ ಹನ್ನೊಂದು ಅಂಕಿಗಳು ಆ ಬ್ಯಾಂಕಿನ ಕ್ರಮಸಂಖ್ಯೆ. ಕಟ್ಟಕಡೆಯದು ಉಳಿದ ಅಂಕಿಗಳು ಸರಿಯಿವೆಯೇ ಎಂದು ತಾಳೆ ನೋಡುವ ಅಂಕಿ.

ಇದರಿಂದ ಎರಡು ಸಂಗತಿ ತಿಳಿಯುತ್ತವೆ. ಅಂಗಡಿಯವರು ‘21ಕ್ಕೇ ಕಳಿಸಿದೆವು’ ಎಂದರೂ ಸಂಖ್ಯೆಯಲ್ಲಿ ದಿನ 241 ಎಂದಿದ್ದರೆ, ರೀಫಂಡ್ ಬ್ಯಾಂಕಿನಿಂದ ಹೊರಟದ್ದು ಆಗಸ್ಟ್ 29ಕ್ಕೆ. ನಡುವಿನ ದಿನಗಳು ಅಂಗಡಿ ಅಥವಾ ಗೇಟ್‌ವೇ ಬಳಿ ಕಳೆದವು ಎಂದಾಯಿತು. ಇನ್ನೊಂದು, ಅಂಗಡಿಯವರು ಈ ಸಂಖ್ಯೆಯನ್ನು ಕೊಡಲು ಆಗದೆ ‘ನಿಮ್ಮ ಬ್ಯಾಂಕನ್ನು ಕೇಳಿ’ ಎಂದಷ್ಟೇ ಹೇಳುತ್ತಿದ್ದರೆ, ಹಣ ಇನ್ನೂ ಅವರ ಕಡೆಯೇ ಇರುವ ಸಾಧ್ಯತೆ ಹೆಚ್ಚು. ಸಂದೇಶ ಬಂದ ಒಂದೆರಡು ಕೆಲಸದ ದಿನಗಳ ತನಕ ಸಂಖ್ಯೆ ಸಿದ್ಧವಾಗಿರದೆ ಇರಬಹುದು. ಅದಕ್ಕಿಂತ ತಡವಾದರೆ ಪಟ್ಟುಹಿಡಿದು ಕೇಳಬೇಕು.

ಯುಪಿಐ ಮತ್ತು ನಗದು ಪಾವತಿ

ಯುಪಿಐನಲ್ಲಿ ಕೊಟ್ಟ ಹಣ ಕಾರ್ಡಿನ ಹಣಕ್ಕಿಂತ ಸಾಮಾನ್ಯವಾಗಿ ಬೇಗ ಮರಳುತ್ತದೆ, ಏಕೆಂದರೆ ಅಲ್ಲಿ ಖಾತೆಯಿಂದ ಖಾತೆಗೆ ನೇರ ಜಮೆ. ಇಲ್ಲಿ ಕೇಳಬೇಕಾದದ್ದು 12 ಅಂಕಿಗಳ ಆರ್‌ಆರ್‌ಎನ್, ಅಂದರೆ ಯುಪಿಐ ಉಲ್ಲೇಖ ಸಂಖ್ಯೆ. ಖರೀದಿಗೊಂದು, ರೀಫಂಡಿಗೊಂದು ಬೇರೆ ಬೇರೆ ಸಂಖ್ಯೆ ಇರುತ್ತವೆ, ರೀಫಂಡಿನದ್ದನ್ನೇ ಕೇಳಿ ಪಡೆಯಬೇಕು. ಹುಡುಕುವ ಜಾಗದಲ್ಲೂ ಎಡವುವವರಿದ್ದಾರೆ. ಹಣ ಸೇರುವುದು ಆ್ಯಪಿಗಲ್ಲ, ಖರೀದಿಗೆ ಬಳಸಿದ ಬ್ಯಾಂಕ್ ಖಾತೆಗೆ. ಆ್ಯಪಿನ ಪಟ್ಟಿಯಲ್ಲಿ ಕಾಣದ ರೀಫಂಡ್ ಪಾಸ್‌ಬುಕ್ಕಿನಲ್ಲಿ ಇರಬಹುದು. ಒಂದೇ ಆ್ಯಪಿಗೆ ಎರಡು ಬ್ಯಾಂಕುಗಳನ್ನು ಜೋಡಿಸಿಕೊಂಡವರು ಎರಡನ್ನೂ ನೋಡಬೇಕು.

ಸರಕು ಕೈಗೆ ಬಂದಾಗ ನಗದು ಕೊಟ್ಟಿದ್ದರೆ ಹಣ ಮರಳಲು ಹಳೆಯ ದಾರಿಯೇ ಇಲ್ಲ. ಅಂಗಡಿಯವರು ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಕೇಳಿ ನೆಫ್ಟ್ ಅಥವಾ ಐಎಂಪಿಎಸ್ ಮೂಲಕ ಕಳಿಸುತ್ತಾರೆ. ಇಲ್ಲಿ ಕರ್ನಾಟಕದವರಿಗೆ ವಿಶೇಷವಾಗಿ ಅನ್ವಯಿಸುವ ತೊಡಕೊಂದಿದೆ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಸರಿಯಾಗಿ ಒಂದು ವರ್ಷದ ಮೇಲೆ ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿದವು. SYNB ಎಂದು ಶುರುವಾಗುತ್ತಿದ್ದ ಸಿಂಡಿಕೇಟಿನ ಹಳೆಯ ಐಎಫ್‌ಎಸ್‌ಸಿಗಳು 2021ರ ಜುಲೈ 1ರಿಂದ ನಡೆಯುವುದಿಲ್ಲ. ಹಳೇ ಪಾಸ್‌ಬುಕ್ ನೋಡಿ ಸಂಕೇತ ತುಂಬಿದರೆ ರೀಫಂಡ್ ಬಾಗಿಲಿನಿಂದಲೇ ಹಿಂದಿರುಗುತ್ತದೆ. ಇಂಥ ವರ್ಗಾವಣೆಯ ಗುರುತು ಯುಟಿಆರ್ ಸಂಖ್ಯೆ. ಕೆಲವು ಅಂಗಡಿಗಳು ಹಣದ ಬದಲು ತಮ್ಮದೇ ವ್ಯಾಲೆಟ್ಟಿಗೆ ಜಮೆ ಮಾಡುವುದಾಗಿ ಹೇಳುತ್ತವೆ. ಅದು ಬೇಗ ಆಗುತ್ತದೆ ನಿಜ, ಆದರೆ ಆ ಹಣವನ್ನು ಅಲ್ಲೇ ಖರ್ಚುಮಾಡಬೇಕಾದೀತು. ಕಾರ್ಡ್, ಯುಪಿಐನಂಥ ಡಿಜಿಟಲ್ ಪಾವತಿಯ ರೀಫಂಡ್ ಹಣ ಬಂದ ದಾರಿಯಲ್ಲೇ ಹೋಗಬೇಕು, ಗ್ರಾಹಕರು ಸ್ಪಷ್ಟವಾಗಿ ಒಪ್ಪಿದರೆ ಮಾತ್ರ ಬೇರೆ ದಾರಿ ಹಿಡಿಯಬಹುದು ಎಂದು ರಿಸರ್ವ್ ಬ್ಯಾಂಕು ಗೇಟ್‌ವೇ ಕಂಪನಿಗಳಿಗೆ 2020ರ ಮಾರ್ಚ್‌ನಲ್ಲೇ ಸೂಚಿಸಿದೆ. ಆರ್ಡರ್ ರದ್ದು ಮಾಡುವಾಗ ‘ವ್ಯಾಲೆಟ್’ ಆಯ್ಕೆಯನ್ನು ನೋಡದೆ ಒತ್ತಿದರೆ ಅದೇ ಒಪ್ಪಿಗೆಯಾಗಿಬಿಡುತ್ತದೆ.

ಕ್ರೆಡಿಟ್ ಕಾರ್ಡಿನ ಒಳಸುಳಿ

ಕ್ರೆಡಿಟ್ ಕಾರ್ಡಿಗೆ ಬಂದ ರೀಫಂಡ್ ಉಳಿತಾಯ ಖಾತೆಗೆ ಬರುವುದಿಲ್ಲ, ಕಾರ್ಡಿನ ಬಾಕಿಯಲ್ಲಿ ಕಳೆಯುತ್ತದೆ. ಬಿಲ್ಲಿನ ಕೊನೆಯ ದಿನಾಂಕಕ್ಕೆ ಮೊದಲು, ಹಣ ಇನ್ನೂ ಕಟ್ಟದ ಬಾಕಿಗೆ ರೀಫಂಡ್ ಬಂದರೆ ಅದನ್ನು ಕಟ್ಟಬೇಕಾದ ಮೊತ್ತದಿಂದ ತಕ್ಷಣ ಕಳೆದು ಗ್ರಾಹಕರಿಗೆ ತಿಳಿಸಬೇಕೆಂಬುದು ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನ. ಆದರೆ ‘ಹೇಗೂ ರೀಫಂಡ್ ಬರುತ್ತದಲ್ಲ’ ಎಂದು ಬಿಲ್ಲನ್ನು ಕಟ್ಟದೆ ಬಿಡುವುದು ಅಪಾಯ. ಕೊನೆಯ ದಿನ ಕಳೆದು ರೀಫಂಡ್ ಬರುವಷ್ಟರಲ್ಲಿ ಬಡ್ಡಿ, ತಡಪಾವತಿಯ ಶುಲ್ಕ ಬಿದ್ದಿರಬಹುದು. ಹಣ ಕಣ್ಣಿಗೆ ಕಾಣುವವರೆಗೆ ಬಿಲ್ಲನ್ನು ಪೂರ್ತಿ ಕಟ್ಟುವುದೇ ಲೇಸು. ಇಎಂಐನಲ್ಲಿ ಕೊಂಡಿದ್ದರೆ ಇನ್ನೂ ಒಂದು ಕೆಲಸವಿದೆ. ರೀಫಂಡ್ ಜಮೆಯಾದರೂ ಇಎಂಐ ತಾನಾಗಿಯೇ ನಿಂತಿತು ಎಂದು ತಿಳಿಯದೆ, ಕಾರ್ಡ್ ಬ್ಯಾಂಕಿಗೆ ಹೇಳಿ ಅದನ್ನು ಮುಚ್ಚಿಸಬೇಕು.

ಹಳೆಯ ಕಾರ್ಡಿನ ಅವಧಿ ಮುಗಿದು ಹೊಸ ಕಾರ್ಡ್ ಬಂದಿದ್ದರೆ ಗಾಬರಿ ಬೇಡ. ಖಾತೆ ಜೀವಂತವಿದ್ದರೆ ಬ್ಯಾಂಕು ಸಾಮಾನ್ಯವಾಗಿ ಅದಕ್ಕೇ ಜಮೆ ಮಾಡುತ್ತದೆ. ಖಾತೆಯನ್ನೇ ಮುಚ್ಚಿದ್ದರೆ ಹಣ ಅಂಗಡಿಯ ಕಡೆಗೆ ಹಿಂದಿರುಗಬಹುದು. ಆಗ ಎಆರ್‌ಎನ್ ಹಿಡಿದು ಎರಡೂ ಕಡೆ ವಿಚಾರಿಸಬೇಕಾಗುತ್ತದೆ.

ವಿಫಲ ಪಾವತಿ ಬೇರೆ, ರೀಫಂಡ್ ಬೇರೆ

ಖಾತೆಯಿಂದ ಹಣ ಹೋಗಿದೆ, ಆದರೆ ಅಂಗಡಿಯಲ್ಲಿ ಆರ್ಡರೇ ದಾಖಲಾಗಿಲ್ಲ ಎಂದರೆ ಅದು ರೀಫಂಡಿನ ಮಾತಲ್ಲ, ವಿಫಲ ವ್ಯವಹಾರ. ಇದಕ್ಕೆ ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ಗಡುವು ಹಾಕಿದೆ. ಕಾರ್ಡ್ ಮೂಲಕ ಆನ್‌ಲೈನಿನಲ್ಲಿ ಅಥವಾ ಯುಪಿಐ ಮೂಲಕ ಅಂಗಡಿಗೆ ಕಟ್ಟಿದ ಹಣ ಹೀಗೆ ಸಿಕ್ಕಿಕೊಂಡರೆ, ವ್ಯವಹಾರದ ದಿನದ ನಂತರದ ಐದು ದಿನಗಳೊಳಗೆ ತಾನಾಗಿಯೇ ಮರಳಬೇಕು. ಇಲ್ಲಿ ಎಣಿಸುವುದು ಕ್ಯಾಲೆಂಡರ್ ದಿನಗಳನ್ನು, ರಜೆಯ ನೆಪವಿಲ್ಲ. ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರವನ್ನು ಗ್ರಾಹಕರು ಕೇಳದಿದ್ದರೂ ಕೊಡಬೇಕು. ವಸ್ತು ಹಿಂದಿರುಗಿಸಿದ ರೀಫಂಡಿಗೆ ಈ 100 ರೂಪಾಯಿಯ ನಿಯಮ ಅನ್ವಯಿಸದು. ಎರಡನ್ನೂ ಬೆರೆಸಿ ದೂರು ಬರೆದರೆ ಬ್ಯಾಂಕು ಅದನ್ನು ತಳ್ಳಿಹಾಕುವುದು ಸುಲಭ.

ಯಾರನ್ನು, ಯಾವ ಕ್ರಮದಲ್ಲಿ ಕೇಳಬೇಕು

ಮೊದಲು ಅಂಗಡಿಯ ಆ್ಯಪಿನಲ್ಲಿ ಆ ಆರ್ಡರಿನ ಪುಟ ತೆರೆದು ಮೂರು ಸಂಗತಿ ನೋಡಿ: ರೀಫಂಡ್ ಮೊತ್ತ, ಅದು ಹೋಗುತ್ತಿರುವ ಖಾತೆ ಅಥವಾ ಕಾರ್ಡಿನ ಕೊನೆಯ ಅಂಕಿಗಳು, ಅಂಗಡಿ ಒಪ್ಪಿದ ದಿನಾಂಕ. ‘ವಾಪಸ್ ಸ್ವೀಕರಿಸಲಾಗಿದೆ’ ಎಂದಷ್ಟೇ ಇದ್ದರೆ ಪರಿಶೀಲನೆಯೇ ಮುಗಿದಿಲ್ಲ, ಬ್ಯಾಂಕಿಗೆ ಫೋನು ಮಾಡಿ ಫಲವಿಲ್ಲ. ‘ರೀಫಂಡ್ ಆಗಿದೆ’ ಎಂದಿದ್ದರೆ ಕಾರ್ಡಿಗೆ ಎಆರ್‌ಎನ್, ಯುಪಿಐಗೆ ಆರ್‌ಆರ್‌ಎನ್, ಬ್ಯಾಂಕ್ ವರ್ಗಾವಣೆಗೆ ಯುಟಿಆರ್ ಕೇಳಿ. ಬಾಯಿಮಾತಿಗಿಂತ ಇಮೇಲ್ ಅಥವಾ ಚಾಟ್ ಮೇಲು, ಬರಹ ಉಳಿಯುತ್ತದೆ.

ಸಂಖ್ಯೆ ಸಿಕ್ಕ ಮೇಲೆ, ಹೇಳಿದ ದಿನಗಳು ಮುಗಿದಿದ್ದರೆ ನಿಮ್ಮ ಬ್ಯಾಂಕಿಗೆ ಬರೆಯಿರಿ. ಸಂಖ್ಯೆ, ಮೊತ್ತ, ದಿನಾಂಕ, ಕಾರ್ಡಿನ ಕೊನೆಯ ನಾಲ್ಕು ಅಂಕಿಗಳು ಸಾಕು. ಬ್ಯಾಂಕು ‘ಈ ಸಂಖ್ಯೆಯ ಜಮೆ ನಮಗೆ ಬಂದಿಲ್ಲ’ ಎಂದರೆ ಆ ಉತ್ತರವನ್ನೂ ಬರಹದಲ್ಲಿ ಪಡೆದು ಅಂಗಡಿಗೆ ಕಳಿಸಿ. ಇಬ್ಬರೂ ಪರಸ್ಪರ ಬೆರಳು ತೋರಿಸುವ ಆಟ ಸಾಮಾನ್ಯವಾಗಿ ಅಲ್ಲಿಗೆ ನಿಲ್ಲುತ್ತದೆ.

ಅಂಗಡಿ ಜಗ್ಗದಿದ್ದರೆ ಅದರ ದೂರು ಅಧಿಕಾರಿಗೆ ಬರೆಯಬೇಕು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆ ಅಧಿಕಾರಿ ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಅದೂ ಫಲಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಹಣ ಬ್ಯಾಂಕಿನ ಬಳಿ ಸಿಕ್ಕಿಕೊಂಡಿದ್ದು, ದೂರಿಗೆ 30 ದಿನಗಳಲ್ಲಿ ಉತ್ತರ ಬಾರದಿದ್ದರೆ cms.rbi.org.in ತಾಣದಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಶುಲ್ಕವಿಲ್ಲ. ಅಂಗಡಿಯ ಮೇಲಿನ ದೂರು ಒಂಬುಡ್ಸ್‌ಮನ್ ವ್ಯಾಪ್ತಿಗೆ ಬರುವುದಿಲ್ಲ. ಹಾಗಾಗಿ ಹಣ ಯಾರ ಬಳಿ ನಿಂತಿದೆ ಎಂದು ಮೊದಲು ಖಚಿತಪಡಿಸಿಕೊಂಡೇ ಬಾಗಿಲು ತಟ್ಟಬೇಕು.

ಕಾಯುವವರನ್ನೇ ಕಾಯುವ ಕಳ್ಳರು

ಹಣಕ್ಕಾಗಿ ಕಾದು ಬೇಸತ್ತವರು ಗೂಗಲ್‌ನಲ್ಲಿ ಅಂಗಡಿಯ ಹೆಸರು ಹಾಕಿ ಕಸ್ಟಮರ್ ಕೇರ್ ನಂಬರ್ ಹುಡುಕುತ್ತಾರೆ. ಅಲ್ಲಿ ನಕಲಿ ಸಂಖ್ಯೆಗಳನ್ನು ನೆಟ್ಟುಕೊಂಡು ಕೂತ ವಂಚಕರಿದ್ದಾರೆ. ‘ರೀಫಂಡ್ ಕೊಡಿಸುತ್ತೇವೆ’ ಎಂದು ಒಂದು ಆ್ಯಪ್ ಹಾಕಿಸಿ ಮೊಬೈಲಿನ ಪರದೆಯನ್ನೇ ನೋಡುತ್ತಾರೆ, ಇಲ್ಲವೆ ಕ್ಯುಆರ್ ಕೋಡ್ ಕಳಿಸಿ ಯುಪಿಐ ಪಿನ್ ಒತ್ತಿ ಎನ್ನುತ್ತಾರೆ. ಹಣ ಪಡೆಯಲು ಪಿನ್ ಬೇಡ, ಒಟಿಪಿ ಬೇಡ, ಕಾರ್ಡಿನ ಹಿಂಬದಿಯ ಮೂರು ಅಂಕಿಯೂ ಬೇಡ. ಇವುಗಳಲ್ಲಿ ಯಾವುದನ್ನು ಕೇಳಿದರೂ ಕರೆ ಕತ್ತರಿಸಿ. ಅಂಗಡಿಯ ಸಂಖ್ಯೆಯನ್ನು ಅದರ ಆ್ಯಪಿನೊಳಗಿಂದ, ಬ್ಯಾಂಕಿನದ್ದನ್ನು ಕಾರ್ಡಿನ ಹಿಂಬದಿಯಿಂದ ಮಾತ್ರ ತೆಗೆದುಕೊಳ್ಳಿ. ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.